ಮನೆ ಬೇಕರಿಗೆ ಅಸಲು ಹುಟ್ಟುವ ಮಾರಾಟ ಎಷ್ಟು? ದಿನಸಿ ಬಿಲ್ಲು, ಬಾಡಿಗೆ, ಕರೆಂಟ್ ಬಿಲ್ಲು ಇಟ್ಟುಕೊಂಡು ಲೆಕ್ಕ ಹಾಕುವ ಕ್ರಮ

ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರುವವರು ಹಾಕುವ ಲೆಕ್ಕ ಸಾಮಾನ್ಯವಾಗಿ ಒಂದೇ ಜಾಗದಲ್ಲಿ ತಪ್ಪುತ್ತದೆ. ಒಂದು ಕೇಕಿಗೆ ಎಷ್ಟು ಮೈದಾ, ಎಷ್ಟು ಸಕ್ಕರೆ, ಎಷ್ಟು ಕ್ರೀಮ್ ಹೋಗುತ್ತದೆ ಎಂದು ಪಾಕವಿಧಾನದ ಚೀಟಿಯಿಂದ ಲೆಕ್ಕ ಹಿಡಿದು, ಅದರ ಮೇಲೆ ಬಾಡಿಗೆ ಮತ್ತು ಕರೆಂಟಿಗೆಂದು ಅಂದಾಜಿನ ಐವತ್ತು ರೂಪಾಯಿ ಸೇರಿಸಿ, ಉಳಿದದ್ದೆಲ್ಲ ಲಾಭ ಎಂದುಕೊಳ್ಳುತ್ತಾರೆ. ತಿಂಗಳ ಕೊನೆಗೆ ಕೈಯಲ್ಲಿ ಹಣ ಇರುವುದಿಲ್ಲ. ಚೀಟಿಯ ಲೆಕ್ಕ ತಪ್ಪಲ್ಲ. ಆದರೆ ಚೀಟಿಯಲ್ಲಿ ಇಲ್ಲದ ಖರ್ಚು ಬಿಲ್ಲಿನಲ್ಲಿ ಇರುತ್ತದೆ. ಆದ್ದರಿಂದ ಇಲ್ಲಿ ಬಿಲ್ಲಿನಿಂದ ಹೊರಟು ಚೀಟಿಗೆ ಬರುತ್ತೇವೆ; ಈ ಕ್ರಮವನ್ನು ತಿರುವುಮುರುವು ಮಾಡಬಾರದು.

ಉದಾಹರಣೆಗೆ ಮೈಸೂರಿನಲ್ಲಿ ಮನೆಯ ಪಕ್ಕದ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು, ಅರ್ಧ ಕೆಜಿ ಕೇಕು ಮತ್ತು ಕಾಲು ಕೆಜಿ ಬೆಣ್ಣೆ ಬಿಸ್ಕತ್ತಿನ ಪೊಟ್ಟಣ ಎಂಬ ಎರಡೇ ಪದಾರ್ಥಗಳನ್ನು ಮಾರುವ ಒಬ್ಬ ಗೃಹಿಣಿಯ ಒಂದು ತಿಂಗಳನ್ನು ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕದ ದಾರಿಯನ್ನು ತೋರಿಸಲು ಇಟ್ಟವು. ನಿಮ್ಮ ಊರಿನ ದರಗಳನ್ನು ಅವುಗಳ ಜಾಗದಲ್ಲಿ ಬರೆದುಕೊಳ್ಳಬೇಕು.

## ಮೊದಲು ಕೈಗೆ ಇರಬೇಕಾದವು

ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ, ಒಂದು ನೋಟ್ ಪುಸ್ತಕ, ಬಿಲ್ಲುಗಳನ್ನು ಚುಚ್ಚಿಡುವ ಕಡ್ಡಿ ಅಥವಾ ಒಂದು ಡಬ್ಬ, ಮೀಟರಿನ ಫೋಟೊ ತೆಗೆಯಲು ಫೋನು, ಇವಿಷ್ಟು ಸಾಕು. ಬಿಲ್ಲು ಕೊಡದ ಅಂಗಡಿಯಿಂದ ಮೊಟ್ಟೆ, ಹಣ್ಣು ತಂದರೆ ಅಂದೇ ಒಂದು ಚೀಟಿಯಲ್ಲಿ ತಾರೀಕು ಮತ್ತು ಮೊತ್ತ ಬರೆದು ಅದೇ ಕಡ್ಡಿಗೆ ಚುಚ್ಚಬೇಕು. ಮನೆಯ ದಿನಸಿ ಮತ್ತು ಬೇಕರಿಯ ದಿನಸಿ ಒಂದೇ ಬಿಲ್ಲಿನಲ್ಲಿ ಬಂದಿದ್ದರೆ ಬೇಕರಿಯ ಸಾಲುಗಳ ಕೆಳಗೆ ಕೆಂಪು ಗೆರೆ ಎಳೆಯಿರಿ. ಈ ಒಂದು ಅಭ್ಯಾಸ ಇಲ್ಲದಿದ್ದರೆ ಮುಂದಿನ ಯಾವ ಹಂತವೂ ನಿಲ್ಲುವುದಿಲ್ಲ.

## ಹಂತ 1: ತಿಂಗಳಿಗೆ ಗಡಿ ಹಾಕುವುದು

ಒಂದನೇ ತಾರೀಕು ಬೆಳಿಗ್ಗೆ ಓವನ್ ಹಚ್ಚುವ ಮೊದಲು ಮೂರು ಕೆಲಸ ಆಗಬೇಕು: ಮೀಟರಿನ ಫೋಟೊ, ಕಪಾಟಿನಲ್ಲಿರುವ ಸಾಮಾನಿನ ತೂಕ, ಮತ್ತು ಇನ್ನೂ ತಲುಪಿಸದೆ ಮುಂಗಡ ಪಡೆದಿರುವ ಆರ್ಡರುಗಳ ಪಟ್ಟಿ. ತಿಂಗಳು ಮುಗಿದ ಮರುದಿನ ಬೆಳಿಗ್ಗೆ ಇದನ್ನೇ ಮತ್ತೊಮ್ಮೆ ಮಾಡಬೇಕು.

ಮೀಟರಿನ ಫೋಟೊ ಏಕೆಂದರೆ, ಮೀಟರ್ ಓದುವವರು ಒಂದನೇ ತಾರೀಕಿಗೇ ಬರುವುದಿಲ್ಲ. ಎಂಟನೇ ತಾರೀಕಿನಿಂದ ಎಂಟನೇ ತಾರೀಕಿನ ಬಿಲ್ಲನ್ನು ಒಂದರಿಂದ ಮೂವತ್ತರ ಮಾರಾಟದ ಎದುರು ಇಟ್ಟರೆ, ಹಬ್ಬದ ವಾರ ಒಂದು ಕಡೆ ಸೇರಿ ಇನ್ನೊಂದು ಕಡೆ ತಪ್ಪಿಹೋಗುತ್ತದೆ. ಯೂನಿಟ್ಟುಗಳನ್ನು ನಿಮ್ಮ ಫೋಟೊದಿಂದ ತೆಗೆದುಕೊಳ್ಳಿ, ದರವನ್ನು ಮಾತ್ರ ಬಿಲ್ಲಿನಿಂದ ತೆಗೆದುಕೊಳ್ಳಿ.

ಮಾರಾಟ ಎಂದರೆ ಆ ತಿಂಗಳು ಗಿರಾಕಿಯ ಕೈಗೆ ಸೇರಿದ ಮಾಲು. ಮುಂದಿನ ತಿಂಗಳ ಹುಟ್ಟುಹಬ್ಬಕ್ಕೆ ಬಂದ ಮುಂಗಡ ಈ ತಿಂಗಳ ಮಾರಾಟವಲ್ಲ. ಉದ್ರಿ ಕೊಟ್ಟ ಕೇಕು ಹಣ ಬರದಿದ್ದರೂ ಈ ತಿಂಗಳದ್ದೇ. ನಮ್ಮ ಗೃಹಿಣಿ 500 ರೂಪಾಯಿಯ 44 ಕೇಕು ಮತ್ತು 120 ರೂಪಾಯಿಯ 90 ಪೊಟ್ಟಣ ಬಿಸ್ಕತ್ತು ತಲುಪಿಸಿದ್ದಾರೆ. 22,000 ಮತ್ತು 10,800 ಸೇರಿ ಒಟ್ಟು ಮಾರಾಟ 32,800 ರೂಪಾಯಿ.

## ಹಂತ 2: ಕೊಂಡದ್ದರಿಂದ ಖರ್ಚಾದದ್ದನ್ನು ಬೇರ್ಪಡಿಸುವುದು

ಅತಿ ಹೆಚ್ಚು ಜನ ಎಡವುವ ಹಂತ ಇದು. ತಿಂಗಳ ಬಿಲ್ಲುಗಳನ್ನೆಲ್ಲ ಕೂಡಿಸಿದರೆ ಬರುವುದು ಖರೀದಿಯ ಮೊತ್ತ. ಓವನಿನೊಳಗೆ ಹೋದ ಸಾಮಾನಿನ ಮೊತ್ತ ಅಲ್ಲ. ಹಬ್ಬ ಬರುತ್ತಿದೆಯೆಂದು ಎರಡು ತಿಂಗಳಿಗಾಗುವಷ್ಟು ಬೆಣ್ಣೆ ತಂದರೆ ಈ ತಿಂಗಳು ನಷ್ಟದಂತೆ ಕಾಣುತ್ತದೆ, ಮುಂದಿನ ತಿಂಗಳು ಬಂಪರ್ ಲಾಭದಂತೆ ಕಾಣುತ್ತದೆ. ಎರಡೂ ನಿಜವಲ್ಲ.

ಲೆಕ್ಕ ಹೀಗೆ: ತಿಂಗಳ ಆರಂಭದಲ್ಲಿ ಇದ್ದ ದಾಸ್ತಾನಿಗೆ ಆ ತಿಂಗಳ ಖರೀದಿಯನ್ನು ಸೇರಿಸಿ, ಕೊನೆಯಲ್ಲಿ ಉಳಿದ ದಾಸ್ತಾನನ್ನು ಕಳೆಯಬೇಕು; ಮನೆಯ ಅಡುಗೆಗೆ ಹೋದದ್ದನ್ನೂ ಕಳೆಯಬೇಕು. ಆರಂಭದ ದಾಸ್ತಾನು 6,240 ರೂಪಾಯಿ, ಖರೀದಿ 15,910 ರೂಪಾಯಿ, ಕೊನೆಯ ದಾಸ್ತಾನು 7,030 ರೂಪಾಯಿ, ಮನೆಗೆ ಬಳಸಿದ್ದು 320 ರೂಪಾಯಿ. ಹಾಗಾಗಿ ಬೇಕರಿಗೆ ಖರ್ಚಾದದ್ದು 14,800 ರೂಪಾಯಿ. ಬರೀ ಬಿಲ್ಲು ಕೂಡಿಸಿದ್ದರೆ ಇದೇ ಜಾಗದಲ್ಲಿ 15,910 ಎಂದು ಬರೆಯುತ್ತಿದ್ದರು.

ತೂಗುವಾಗ ಒಡೆದ ಚೀಲಗಳನ್ನು ಬಿಡಬಾರದು. ಅರ್ಧ ಉಳಿದ ಕ್ರೀಮ್ ಪೊಟ್ಟಣ, ಕಾಲು ಡಬ್ಬ ಕೋಕೋ ಪುಡಿ, ಇವೇ ದುಬಾರಿ ಸಾಮಾನುಗಳು. ಬೆಲೆಯನ್ನು ಅತ್ಯಂತ ಇತ್ತೀಚಿನ ಬಿಲ್ಲಿನಿಂದ ಹಾಕಿರಿ. ಕೇಕಿನ ಡಬ್ಬ, ಕೆಳಗಿಡುವ ರಟ್ಟು, ಪೊಟ್ಟಣ, ಅಂಟು ಚೀಟಿ ಎಲ್ಲವೂ ಇದೇ ಲೆಕ್ಕದೊಳಗೆ ಬರಬೇಕು, ಏಕೆಂದರೆ ಕೇಕು ಮಾರಿದಾಗ ಅವೂ ಹೋಗುತ್ತವೆ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲದಿದ್ದರೆ ಖರೀದಿಯ ಮೇಲೆ ಕಟ್ಟಿದ ತೆರಿಗೆ ವಾಪಸು ಸಿಗುವುದಿಲ್ಲ. ಆದ್ದರಿಂದ ಬಿಲ್ಲಿನ ಕೊನೆಯ ಮೊತ್ತವನ್ನೇ, ತೆರಿಗೆ ಸೇರಿದ್ದನ್ನೇ, ಬರೆಯಬೇಕು. ತೆರಿಗೆ ಸೇರುವ ಮೊದಲಿನ ದರವನ್ನು ನೋಡಿ ಲೆಕ್ಕ ಹಿಡಿಯುವವರು ಬೆಣ್ಣೆ, ಚಾಕೊಲೇಟಿನಂಥ ಸಾಮಾನಿನಲ್ಲಿ ಪ್ರತಿ ಬಾರಿಯೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತಾರೆ.

## ಹಂತ 3: ಕರೆಂಟ್ ಬಿಲ್ಲನ್ನು ಎರಡು ತುಂಡು ಮಾಡುವುದು

ಕರೆಂಟ್ ಬಿಲ್ಲನ್ನು ಇಡಿಯಾಗಿ ಬಾಡಿಗೆಯ ಜೊತೆ ಸೇರಿಸುವುದೂ ತಪ್ಪು, ಇಡಿಯಾಗಿ ಕೇಕುಗಳ ಮೇಲೆ ಹಂಚುವುದೂ ತಪ್ಪು. ಬಿಲ್ಲಿನಲ್ಲಿ ಮಂಜೂರಾದ ಕಿಲೋವ್ಯಾಟ್ ಮೇಲೆ ಬೀಳುವ ನಿಗದಿತ ಶುಲ್ಕ ಒಂದು ಕಡೆ ಇರುತ್ತದೆ. ಅದು ಒಂದು ಕೇಕನ್ನೂ ಮಾಡದಿದ್ದರೂ ಬರುತ್ತದೆ. ಯೂನಿಟ್ ಲೆಕ್ಕದ ಶುಲ್ಕ, ಇಂಧನ ಹೊಂದಾಣಿಕೆ, ಇತರ ಸರ್ಚಾರ್ಜು, ತೆರಿಗೆ ಇನ್ನೊಂದು ಕಡೆ. ಈ ಎರಡನೆಯ ಗುಂಪನ್ನು ಕೂಡಿಸಿ ಯೂನಿಟ್ಟುಗಳಿಂದ ಭಾಗಿಸಿದರೆ ನಿಮಗೆ ನಿಜವಾಗಿ ಬೀಳುವ ಯೂನಿಟ್ ದರ ಸಿಗುತ್ತದೆ. ಬಿಲ್ಲಿನ ಮೇಲೆ ಅಚ್ಚಾದ ದರಕ್ಕಿಂತ ಅದು ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

ನಮ್ಮ ಉದಾಹರಣೆಯಲ್ಲಿ ಕೋಣೆಗೆ ಬೇರೆ ಮೀಟರ್ ಇದೆ. ತಿಂಗಳಿಗೆ 160 ಯೂನಿಟ್, ನಿಗದಿತ ಶುಲ್ಕ 470 ರೂಪಾಯಿ, ಉಳಿದದ್ದು 1,280 ರೂಪಾಯಿ, ಒಟ್ಟು 1,750 ರೂಪಾಯಿ. ಯೂನಿಟ್ಟಿಗೆ 8 ರೂಪಾಯಿ ಬಿತ್ತು.

ಇನ್ನೂ ಒಂದು ಬೇರ್ಪಡಿಸುವಿಕೆ ಬಾಕಿಯಿದೆ. ಫ್ರಿಜ್ಜು ರಾತ್ರಿ ಹಗಲು ಓಡುತ್ತದೆ, ಕೇಕಿನ ಸಂಖ್ಯೆಗೂ ಅದಕ್ಕೂ ಸಂಬಂಧವಿಲ್ಲ. ಓವನ್ ಹಚ್ಚದ ಒಂದು ರಜೆಯ ದಿನ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯವರೆಗೆ ಮೀಟರ್ ನೋಡಿದರೆ ಅದರ ಬಳಕೆ ತಿಳಿಯುತ್ತದೆ. ಇಲ್ಲಿ ದಿನಕ್ಕೆ 1.6 ಯೂನಿಟ್, ಅಂದರೆ ಮೂವತ್ತು ದಿನಕ್ಕೆ 48 ಯೂನಿಟ್, 384 ರೂಪಾಯಿ. ಉಳಿದ 112 ಯೂನಿಟ್, ಅಂದರೆ 896 ರೂಪಾಯಿ ಓವನ್ ಮತ್ತು ಮಿಕ್ಸರಿನದು. ಹೀಗೆ ಸ್ಥಿರ ಭಾಗ 470 ಮತ್ತು 384 ಸೇರಿ 854 ರೂಪಾಯಿ. ಮಾರಾಟದೊಂದಿಗೆ ಏರಿಳಿಯುವ ಭಾಗ 896 ರೂಪಾಯಿ.

ಓವನಿನ ಮೇಲೆ 2000 ವ್ಯಾಟ್ ಎಂದು ಬರೆದಿದೆಯೆಂದು ಗಂಟೆಗೆ ಎರಡು ಯೂನಿಟ್ ಎಂದು ಹಿಡಿಯಬೇಡಿ. ಬೇಕಾದ ಶಾಖ ಬಂದ ಮೇಲೆ ಥರ್ಮೋಸ್ಟಾಟ್ ಕರೆಂಟನ್ನು ಆಗಾಗ ಕಡಿದು ಹಾಕುತ್ತದೆ. ಮೊದಲ ಬಾರಿ ಕಾಯಿಸುವುದಕ್ಕೆ ಹೆಚ್ಚು ಹೋಗುತ್ತದೆ, ಬೆನ್ನುಬೆನ್ನಿಗೆ ಇಡುವ ಎರಡನೆಯ ಟ್ರೇಗೆ ಕಡಿಮೆ ಹೋಗುತ್ತದೆ. ಒಂದು ಸಲದ ಬೇಯಿಸುವಿಕೆಯ ಮೊದಲು ಮತ್ತು ನಂತರ ಮೀಟರ್ ನೋಡುವುದೊಂದೇ ನಂಬಬಹುದಾದ ದಾರಿ.

ಬೇರೆ ಮೀಟರ್ ಇಲ್ಲದೆ ಮನೆಯ ಮೀಟರಿನಲ್ಲೇ ಬೇಯಿಸುವವರು ಕರ್ನಾಟಕದಲ್ಲಿ ಗೃಹಜ್ಯೋತಿಯನ್ನು ಗಮನಿಸಬೇಕು. ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಮನೆಗೆ 120 ಯೂನಿಟ್ ಸಾಕಾಗಿದ್ದು, ಓವನಿನಿಂದಾಗಿ ಅದು 220 ಆದರೆ, ಓವನಿನ ಖರ್ಚು 100 ಯೂನಿಟ್ಟಿನ ಬೆಲೆ ಮಾತ್ರವಲ್ಲ; ಮೊದಲು ಉಚಿತವಾಗಿದ್ದ ಮನೆಯ ಬಳಕೆಗೂ ಈಗ ಬೀಳುವ ಹಣ ಅದರಲ್ಲಿ ಸೇರುತ್ತದೆ. ಅಂಥವರು ಬೇಕರಿ ಇದ್ದಾಗಿನ ಬಿಲ್ಲಿನಿಂದ ಬೇಕರಿ ಇಲ್ಲದಿದ್ದಾಗಿನ ಬಿಲ್ಲನ್ನು ಕಳೆದು, ಆ ವ್ಯತ್ಯಾಸವನ್ನು ಬರೆಯಬೇಕು. ಈ ರಿಯಾಯಿತಿ ಗೃಹಬಳಕೆಗೆ ಇರುವುದರಿಂದ, ವ್ಯಾಪಾರ ಬೆಳೆದವರು ತಮ್ಮ ಸಂಪರ್ಕ ಯಾವ ವರ್ಗಕ್ಕೆ ಸೇರಬೇಕೆಂದು ವಿದ್ಯುತ್ ಕಚೇರಿಯಲ್ಲಿ ಕೇಳಿ, ಆ ದರದಲ್ಲೇ ಲೆಕ್ಕ ಹಾಕುವುದು ಒಳ್ಳೆಯದು.

## ಹಂತ 4: ಸ್ಥಿರ ವೆಚ್ಚದ ಪಟ್ಟಿ

ಒಂದು ತಿಂಗಳು ಬಾಗಿಲು ಹಾಕಿದರೂ ತಪ್ಪದ ಖರ್ಚೆಲ್ಲ ಇಲ್ಲಿಗೆ ಬರುತ್ತದೆ.

ಬಾಡಿಗೆ 4,500 ರೂಪಾಯಿ. ಅಡ್ವಾನ್ಸ್ ಕೊಟ್ಟ ಹಣ ಖರ್ಚಲ್ಲ, ಅದು ವಾಪಸು ಬರಬೇಕಾದದ್ದು. ಆದರೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿಯುವ ರೂಢಿ ನಮ್ಮ ಕಡೆ ಇರುವುದರಿಂದ, ಕರಾರಿನಲ್ಲಿ ಹಾಗೆ ಬರೆದಿದ್ದರೆ ಆ ಹಣವನ್ನು ಇರುವಷ್ಟು ತಿಂಗಳುಗಳ ಮೇಲೆ ಹಂಚಬೇಕು: 4,500 ರೂಪಾಯಿಯನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 125 ರೂಪಾಯಿ. ಕರೆಂಟಿನ ಸ್ಥಿರ ಭಾಗ 854. ಪಾತ್ರೆ ತೊಳೆಯಲು ಬರುವ ಸಹಾಯಕಿಗೆ 2,000. ಫೋನು, ನೀರು, ಆಹಾರ ನೋಂದಣಿಯ ವಾರ್ಷಿಕ ಶುಲ್ಕದ ಹನ್ನೆರಡನೇ ಒಂದು ಭಾಗ ಸೇರಿ 225.

ಸಲಕರಣೆಗಳ ಸವಕಳಿಯನ್ನು ಹೆಚ್ಚಿನವರು ಮರೆಯುತ್ತಾರೆ. 14,400 ರೂಪಾಯಿಯ ಓವನ್ ನಾಲ್ಕು ವರ್ಷ ಬಾಳುತ್ತದೆಂದರೆ ತಿಂಗಳಿಗೆ 300. 24,000 ರೂಪಾಯಿಯ ಫ್ರಿಜ್ಜು ಮತ್ತು ಮಿಕ್ಸರ್ ಐದು ವರ್ಷವೆಂದರೆ 400. ಎಲ್ಲ ಸೇರಿ 8,404 ರೂಪಾಯಿ.

ಸ್ವಂತ ಮನೆಯ ಅಡುಗೆಮನೆಯಲ್ಲೇ ಮಾಡುವವರು ಬಾಡಿಗೆಯ ಸಾಲಿನಲ್ಲಿ ಏನು ಬರೆಯಬೇಕು ಎಂಬುದು ಪದೇ ಪದೇ ಬರುವ ಪ್ರಶ್ನೆ. ಬೇಕರಿ ನಿಲ್ಲಿಸಿದರೆ ಉಳಿಯುವ ಹಣ ಎಷ್ಟು ಎಂದು ಕೇಳಿಕೊಳ್ಳಿ. ಆ ಕೋಣೆಯನ್ನು ಬೇರೆಯವರಿಗೆ ಕೊಡಬಹುದಾಗಿದ್ದರೆ ಸಿಗುತ್ತಿದ್ದ ಬಾಡಿಗೆಯನ್ನು ಬರೆಯಿರಿ. ಮನೆಯ ಅಡುಗೆಮನೆಯನ್ನೇ ಮಧ್ಯಾಹ್ನದ ಬಿಡುವಿನಲ್ಲಿ ಬಳಸುತ್ತಿದ್ದರೆ ಸೊನ್ನೆ ಬರೆಯಿರಿ. ಚದರ ಅಡಿಯ ಲೆಕ್ಕದಲ್ಲಿ ಮನೆಬಾಡಿಗೆಯ ಪಾಲು ಹಾಕುವವರೂ ಇದ್ದಾರೆ. ಅದು ಬೆಲೆ ಕಟ್ಟುವಾಗ ಉಪಯೋಗಕ್ಕೆ ಬರಬಹುದು, ಆದರೆ ವ್ಯಾಪಾರ ನಡೆಸಬೇಕೋ ಬಿಡಬೇಕೋ ಎಂಬ ತೀರ್ಮಾನವನ್ನು ಅದು ಹಾದಿ ತಪ್ಪಿಸುತ್ತದೆ.

ಕೊನೆಯ ಸಾಲು ನಿಮ್ಮ ಸಂಬಳ. ಅದನ್ನು ಬೇರೆಯಾಗಿ, ಕೆಳಗೆ ಬರೆಯಿರಿ. ಇಲ್ಲಿ 9,000 ರೂಪಾಯಿ. ಇದನ್ನು ಸೇರಿಸಿದರೆ ಸ್ಥಿರ ವೆಚ್ಚ 17,404 ರೂಪಾಯಿ ಆಗುತ್ತದೆ.

## ಹಂತ 5: ನೂರು ರೂಪಾಯಿಗೆ ಎಷ್ಟು ಉಳಿಯುತ್ತದೆ

ಮಾರಾಟದೊಂದಿಗೆ ಏರಿಳಿಯುವ ವೆಚ್ಚವನ್ನು ಈಗ ಕೂಡಿಸೋಣ: ಸಾಮಾನು ಮತ್ತು ಡಬ್ಬ 14,800, ಓವನಿನ ಕರೆಂಟು 896, ಕೇಕು ತಲುಪಿಸಲು ಆಟೊ ಮತ್ತು ಪೆಟ್ರೋಲು 1,040. ಒಟ್ಟು 16,736 ರೂಪಾಯಿ. 32,800ರಲ್ಲಿ ಇದನ್ನು ಕಳೆದರೆ 16,064 ಉಳಿಯಿತು. ಅಂದರೆ ನೂರು ರೂಪಾಯಿಯ ಮಾರಾಟದಲ್ಲಿ ಸುಮಾರು 49 ರೂಪಾಯಿ ಬಾಡಿಗೆ, ಸಂಬಳ ಮುಂತಾದವನ್ನು ಕಟ್ಟಲು ಉಳಿಯುತ್ತದೆ. ಇದನ್ನು ಮುಂದೆ ಉಳಿಕೆ ಎಂದು ಕರೆಯೋಣ. ಉಳಿಕೆ ಲಾಭವಲ್ಲ, ಸ್ಥಿರ ವೆಚ್ಚ ಇನ್ನೂ ತೀರಬೇಕಿದೆ.

## ಹಂತ 6: ಅಸಲು ಹುಟ್ಟುವ ಮಾರಾಟ

ಸ್ಥಿರ ವೆಚ್ಚವನ್ನು ಉಳಿಕೆಯ ಪ್ರಮಾಣದಿಂದ ಭಾಗಿಸಿದರೆ ಉತ್ತರ ಬರುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಸ್ಥಿರ ವೆಚ್ಚವನ್ನು B1ರಲ್ಲಿ, ಏರಿಳಿಯುವ ವೆಚ್ಚವನ್ನು B2ರಲ್ಲಿ, ಮಾರಾಟವನ್ನು B3ರಲ್ಲಿ ಬರೆದು ಈ ಸೂತ್ರ ಹಾಕಬಹುದು:

```
=B1/(1-B2/B3)
```

ಸಂಬಳ ಸೇರಿಸದೆ 8,404ನ್ನು 0.49ರಿಂದ ಭಾಗಿಸಿದರೆ ಸುಮಾರು 17,150 ರೂಪಾಯಿ. ಸಂಬಳ ಸೇರಿಸಿ 17,404ನ್ನು ಭಾಗಿಸಿದರೆ ಸುಮಾರು 35,500 ರೂಪಾಯಿ. ಈ ಎರಡು ಅಂಕಿಗಳ ನಡುವೆಯೇ ಹೆಚ್ಚಿನ ಮನೆ ಬೇಕರಿಗಳು ಸಿಕ್ಕಿಹಾಕಿಕೊಂಡಿರುತ್ತವೆ. ನಮ್ಮ ಗೃಹಿಣಿ 32,800 ರೂಪಾಯಿ ಮಾರಿದ್ದಾರೆ. ಮೊದಲ ಗೆರೆಯನ್ನು ದಾಟಿ ಬಹಳ ದೂರ ಬಂದಿದ್ದಾರೆ, ಆದ್ದರಿಂದ 7,660 ರೂಪಾಯಿ ಲಾಭ ಬಂದಂತೆ ಕಾಣುತ್ತದೆ. ಆದರೆ ಅದು ಅವರದೇ ದುಡಿಮೆಯ ಕೂಲಿ, ಅದೂ 1,340 ರೂಪಾಯಿ ಕಡಿಮೆ ಬಿದ್ದ ಕೂಲಿ. ಅದನ್ನು ತುಂಬಲು ಇನ್ನೂ ಸುಮಾರು 2,700 ರೂಪಾಯಿಯ ಮಾರಾಟ ಬೇಕು, 1,340 ರೂಪಾಯಿಯದಲ್ಲ. ಕೊರತೆಯನ್ನು ಮಾರಾಟ ಎಂದು ಓದುವ ಈ ತಪ್ಪು ಬಹಳ ಸಾಮಾನ್ಯ.

ಪ್ರತಿ ಕೇಕಿನ ಮೇಲೆ ಬಾಡಿಗೆಯ ಪಾಲನ್ನು ಹಂಚಿ ಈ ಉತ್ತರ ಪಡೆಯಲು ಹೋಗಬೇಡಿ. ಎಷ್ಟು ಕೇಕು ಎಂದು ಗೊತ್ತಾಗದೆ ಪಾಲು ಹಂಚಲಾಗದು, ಪಾಲು ಗೊತ್ತಾಗದೆ ಕೇಕಿನ ಸಂಖ್ಯೆ ಬಾರದು. ಲೆಕ್ಕ ತನ್ನ ಬಾಲವನ್ನೇ ಹಿಡಿಯಲು ಸುತ್ತುತ್ತದೆ.

## ಹಂತ 7: ಚೀಟಿಯನ್ನು ಬಿಲ್ಲಿನ ಎದುರು ನಿಲ್ಲಿಸುವುದು

ಪಾಕವಿಧಾನದ ಚೀಟಿಗೆ ಈಗ ಕೆಲಸ ಬಂತು. ಒಂದು ಅರ್ಧ ಕೆಜಿ ಕೇಕಿಗೆ ಮೈದಾ ಸಕ್ಕರೆ 16, ಮೊಟ್ಟೆ 21, ಬೆಣ್ಣೆ ಮತ್ತು ಎಣ್ಣೆ 28, ಕ್ರೀಮ್ 80, ಚಾಕೊಲೇಟು ಹಣ್ಣು 30, ಡಬ್ಬ ಮತ್ತು ರಟ್ಟು 30, ಒಟ್ಟು 205 ರೂಪಾಯಿ. (ಮೈದಾ ಸಕ್ಕರೆ ಎರಡೂ ಸೇರಿದರೂ ಡಬ್ಬದ ಬೆಲೆಯ ಅರ್ಧದಷ್ಟು, ಚೌಕಾಸಿಯನ್ನು ಎಲ್ಲಿ ಮಾಡಬೇಕೆಂಬುದು ಇಲ್ಲೇ ಕಾಣುತ್ತದೆ.) ಒಂದು ಪೊಟ್ಟಣ ಬಿಸ್ಕತ್ತಿಗೆ 54 ರೂಪಾಯಿ. ಈ ಪ್ರಕಾರ 44 ಕೇಕು ಮತ್ತು 90 ಪೊಟ್ಟಣಕ್ಕೆ 13,880 ರೂಪಾಯಿಯ ಸಾಮಾನು ಸಾಕಿತ್ತು. ಬಿಲ್ಲು ಹೇಳುವುದು 14,800.

ನಡುವಿನ 920 ರೂಪಾಯಿ ಕುಸಿದ ಕೇಕು, ಬೋಗುಣಿಗೆ ಅಂಟಿದ ಹಿಟ್ಟು, ಹುಳಿಯಾದ ಕ್ರೀಮು, ಗಿರಾಕಿಗೆ ರುಚಿ ನೋಡಲು ಕೊಟ್ಟ ತುಂಡು, ಕೈತೂಕದಲ್ಲಿ ಹೆಚ್ಚು ಬಿದ್ದ ಬೆಣ್ಣೆ. ಚೀಟಿಯ ಮೇಲೆ ಸುಮಾರು 6.6 ಶೇಕಡಾ. ಇದು ಪ್ರತಿ ತಿಂಗಳು ಇದೇ ಆಸುಪಾಸಿನಲ್ಲಿದ್ದರೆ ಚಿಂತೆಯಿಲ್ಲ. ಒಮ್ಮೆಲೇ ಎರಡರಷ್ಟಾದರೆ ಮೊದಲು ಕೊನೆಯ ದಾಸ್ತಾನಿನ ತೂಕವನ್ನು ಮತ್ತೆ ನೋಡಿ, ಆಮೇಲೆ ಕ್ರೀಮಿನ ಪೊಟ್ಟಣಗಳನ್ನು ಎಣಿಸಿ. ಬಿಲ್ಲು ಚೀಟಿಗಿಂತ ಕಡಿಮೆ ಬಂದರೆ ಸಂತೋಷಪಡಬೇಡಿ. ಯಾವುದೋ ಒಂದು ಬಿಲ್ಲು ಕಳೆದಿದೆ ಎಂದೇ ಅದರ ಅರ್ಥ.

ಈ ಹೆಚ್ಚುವರಿಯನ್ನು ಚೀಟಿಯ ದರಕ್ಕೆ ಸೇರಿಸಿದರೆ ಕೇಕಿಗೆ 219, ಬಿಸ್ಕತ್ತಿಗೆ 57.60 ಆಗುತ್ತದೆ. ಮೀಟರ್ ನೋಡಿ ತಿಳಿದಂತೆ ಒಂದು ಕೇಕಿಗೆ 0.7 ಯೂನಿಟ್, ಅಂದರೆ 5.60 ರೂಪಾಯಿ, ಒಂದು ಪೊಟ್ಟಣ ಬಿಸ್ಕತ್ತಿಗೆ 0.9 ಯೂನಿಟ್, 7.20 ರೂಪಾಯಿ, ಏಕೆಂದರೆ ಸಣ್ಣ ಓವನಿನ ಒಂದು ಟ್ರೇಯಲ್ಲಿ ಒಂದೂವರೆ ಪೊಟ್ಟಣದಷ್ಟೇ ಬಿಸ್ಕತ್ತು ಹಿಡಿಯುತ್ತದೆ. ತಲುಪಿಸುವ ಖರ್ಚು ಕೇಕಿಗೆ ಮಾತ್ರ, ಒಂದಕ್ಕೆ ಸುಮಾರು 23.60. ಎಲ್ಲ ಕಳೆದರೆ ಒಂದು ಕೇಕಿನಲ್ಲಿ ಸುಮಾರು 252 ರೂಪಾಯಿ, ಒಂದು ಪೊಟ್ಟಣದಲ್ಲಿ ಸುಮಾರು 55 ರೂಪಾಯಿ ಉಳಿಕೆ.

## ಹಂತ 8: ರೂಪಾಯಿಯನ್ನು ಕೇಕಿನ ಸಂಖ್ಯೆಗೆ ಇಳಿಸುವುದು

35,500 ರೂಪಾಯಿ ಎಂದರೆ ಬೇಯಿಸುವವರ ಕೈಗೆ ಅರ್ಥವಾಗುವುದಿಲ್ಲ. ಎಷ್ಟು ಕೇಕು ಎಂದು ಬೇಕು. ಈಗಿರುವ ಪ್ರಮಾಣದಲ್ಲೇ ಎರಡನ್ನೂ ಹೆಚ್ಚಿಸಿದರೆ 48 ಕೇಕು ಮತ್ತು 98 ಪೊಟ್ಟಣ ಆಗುತ್ತದೆ. ಕೇಕು ಮಾತ್ರ ಮಾರಿದರೆ 70 ಬೇಕು. ಬಿಸ್ಕತ್ತು ಮಾತ್ರ ಮಾರಿದರೆ 316 ಪೊಟ್ಟಣ ಬೇಕು, ಮಾರಾಟದ ಮೊತ್ತವೂ ಸುಮಾರು 37,900ಕ್ಕೆ ಏರುತ್ತದೆ. ಅಂದರೆ ಮಾಲಿನ ಮಿಶ್ರಣ ಬದಲಾದಾಗ ಗೆರೆಯೂ ಸರಿಯುತ್ತದೆ.

ಬಂದ ಸಂಖ್ಯೆ ಓವನಿಗೆ ಸಾಧ್ಯವೇ ಎಂದು ಇಲ್ಲಿಯೇ ನೋಡಬೇಕು. 316 ಪೊಟ್ಟಣಕ್ಕೆ ಸುಮಾರು 211 ಟ್ರೇ; ತಿಂಗಳಿಗೆ 26 ದಿನ ಕೆಲಸವೆಂದರೆ ದಿನಕ್ಕೆ ಎಂಟು ಟ್ರೇ. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿದರೆ ಆರು ಗಂಟೆ ಓವನಿನ ಮುಂದೆಯೇ ಕೂರಬೇಕು, ಹಿಟ್ಟು ಕಲಸುವುದು ಮತ್ತು ಪೊಟ್ಟಣ ಕಟ್ಟುವುದು ಬೇರೆ. ಕಾಗದದ ಮೇಲೆ ಅಸಲು ಹುಟ್ಟಿದರೂ ಕೈಯಲ್ಲಿ ಹುಟ್ಟದ ಲೆಕ್ಕ ಇದು.

## ಹಂತ 9: ಎಚ್ಚರಿಕೆಯ ಗುರುತುಗಳು ಮತ್ತು ಮರುಲೆಕ್ಕ

ರಿಯಾಯಿತಿ ಕೊಡುವ ಮೊದಲು ಅದನ್ನು ಉಳಿಕೆಯ ಎದುರು ಇಡಬೇಕು. 500 ರೂಪಾಯಿಯ ಕೇಕಿಗೆ ಹತ್ತು ಶೇಕಡಾ ಬಿಟ್ಟರೆ ಹೋಗುವುದು 50 ರೂಪಾಯಿ, ಆದರೆ ಆ 50 ಹೋಗುವುದು 252ರಿಂದ. ಉಳಿಕೆ 202ಕ್ಕೆ ಇಳಿಯಿತು, ಅಂದರೆ ಐದರಲ್ಲಿ ಒಂದು ಭಾಗ ಹೋಯಿತು. ಮೊದಲಿನಷ್ಟೇ ಹಣ ಬರಬೇಕಾದರೆ ನಾಲ್ಕು ಕೇಕು ಹೋಗುತ್ತಿದ್ದ ಕಡೆ ಐದು ಹೋಗಬೇಕು.

ಸಾಮಾನಿನ ಬೆಲೆ ಏರಿದಾಗಲೂ ಹೀಗೆಯೇ. ಸಾಮಾನು ಒಟ್ಟಾರೆ ಹತ್ತು ಶೇಕಡಾ ಏರಿ, ನೀವು ಹಳೆಯ ಬೆಲೆಗೇ ಮಾರಿದರೆ, ನೂರಕ್ಕೆ 49 ಇದ್ದ ಉಳಿಕೆ 44.5ರ ಹತ್ತಿರ ಬರುತ್ತದೆ. ಗೆರೆ 35,500ರಿಂದ ಸುಮಾರು 39,100ಕ್ಕೆ ಏರುತ್ತದೆ. ಬೆಣ್ಣೆ ಅಥವಾ ಕ್ರೀಮಿನ ಹೊಸ ಬಿಲ್ಲಿನಲ್ಲಿ ದರ ಬದಲಾದ ದಿನವೇ ಐದನೆಯ ಹಂತದಿಂದ ಮತ್ತೆ ಲೆಕ್ಕ ಹಾಕಿ. ಬಾಡಿಗೆ ಏರಿದಾಗ, ಓವನ್ ಬದಲಿಸಿದಾಗ ನಾಲ್ಕನೆಯ ಹಂತಕ್ಕೆ ಹೋಗಬೇಕು. ಮಾರಾಟ ಏರಿಯೂ ಮನೆಗೆ ಬರುವ ಹಣ ಏರದಿದ್ದರೆ ಎರಡನೆಯ ಮತ್ತು ಏಳನೆಯ ಹಂತಗಳಲ್ಲಿ ಹುಡುಕಿ. ಹಣ ಒಂದೋ ಕಪಾಟಿನಲ್ಲಿ ಕೂತಿರುತ್ತದೆ, ಇಲ್ಲವೇ ಕಸದ ಬುಟ್ಟಿಗೆ ಹೋಗಿರುತ್ತದೆ.

ತಿಂಗಳ ನಡುವೆ ನೋಡಿಕೊಳ್ಳಲು 35,500ನ್ನು 26 ಕೆಲಸದ ದಿನಗಳಿಂದ ಭಾಗಿಸಿ ಇಟ್ಟುಕೊಳ್ಳಬಹುದು: ದಿನಕ್ಕೆ ಸುಮಾರು 1,365 ರೂಪಾಯಿ. ಹದಿಮೂರನೆಯ ಕೆಲಸದ ದಿನದ ಸಂಜೆ ತಲುಪಿಸಿದ ಮಾಲಿನ ಮೊತ್ತ 17,750ರ ಹತ್ತಿರ ಇರಬೇಕು. ಇಲ್ಲದಿದ್ದರೆ ಉಳಿದ ಹದಿಮೂರು ದಿನಗಳಲ್ಲಿ ಎಷ್ಟು ಕೇಕಿನ ಆರ್ಡರ್ ಹಿಡಿಯಬೇಕು ಎಂಬುದನ್ನು, ಕೊರತೆಯನ್ನು ಕೇಕಿನ ಬೆಲೆಯಾದ 500ರಿಂದ ಭಾಗಿಸಿ, ಅಂದೇ ಪುಸ್ತಕದಲ್ಲಿ ಬರೆದಿಡಿ. ತಿಂಗಳು ಮುಗಿದ ಮರುದಿನ ಬೆಳಿಗ್ಗೆ ತೆಗೆಯುವ ಮೀಟರಿನ ಫೋಟೊ ಮುಂದಿನ ತಿಂಗಳ ಪುಟದ ಮೊದಲ ಸಾಲಾಗುತ್ತದೆ.